ಕಾಗದದಲ್ಲಿ ಮ್ಯಾನೇಜರು, ಬಾಯಲ್ಲಿ ಯಾರು?

ದಾವಣಗೆರೆಯ ಪಿ.ಬಿ. ರಸ್ತೆಯ ಒಂದು ಬೈಕ್ ಷೋರೂಮಿನಲ್ಲಿ 2025ರ ಅಕ್ಟೋಬರಿನಲ್ಲಿ ನಡೆದ ಸಂಗತಿ ಇದು. ಷೋರೂಮಿನ ಹೆಸರು ಬೇಡ, ಹುಡುಗನ ಹೆಸರೂ ಬೇಡ. ಹುಡುಗ ಹರಿಹರದ ಕಡೆಯ ಹಳ್ಳಿಯವನು, ಬಿ.ಕಾಂ. ಓದಿದವನು. ಬೆಳಿಗ್ಗೆ ಎಂಟರ ಬಸ್ಸಿಗೆ ಜೋತುಬಿದ್ದು ಊರಿಗೆ ಬಂದು, ಸಂಜೆ ಪಕ್ಕದವರ ಕೈಯಿಂದ ಇದೇ ಪತ್ರಿಕೆ ಇಸಕೊಂಡು ಓದುತ್ತ ವಾಪಸು ಹೋಗುವ ನೂರಾರು ಹುಡುಗರಲ್ಲಿ ಅವನೂ ಒಬ್ಬ. ಷೋರೂಮಿನಲ್ಲಿ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸ ಖಾಲಿ ಇದೆ ಅಂತ ಯಾರೋ ಹೇಳಿದರು. ಬಯೋಡಾಟಾ ಹಿಡಕೊಂಡು ಹೋದ.

ಒಳಗೆ ಮೂವರು ಕೂತಿದ್ದರು. ನಡುವೆ ಕೂತವರು ಕಾಗದ ಕೈಗೆ ತಗೊಂಡು, 'ಎಲ್ಲಪ್ಪ, ನಿನ್ನ ಬಗ್ಗೆ ಒಂದೆರಡು ಮಾತು ಹೇಳು' ಅಂದರು.

ಹುಡುಗ ಶುರು ಮಾಡಿದ. ಇಂಗ್ಲಿಷಿನಲ್ಲಿ. 'ಮೈಸೆಲ್ಫ್' ಅಂತ ಹೆಸರು ಹೇಳಿದ, ತಂದೆಯ ಹೆಸರು ಹೇಳಿದ, ತಾಯಿ ಗೃಹಿಣಿ ಅಂದ, ಊರು ಹೇಳಿದ, ಹವ್ಯಾಸ ಕ್ರಿಕೆಟ್ ಮತ್ತು ಪುಸ್ತಕ ಓದೋದು ಅಂದ. ಆಮೇಲೆ 'ಚಾಲೆಂಜಿಂಗ್' ಅನ್ನೋ ಪದ ಬರಬೇಕಿತ್ತು, ಬರಲಿಲ್ಲ. ಅಲ್ಲಿಗೆ ಗಾಡಿ ನಿಂತಿತು. ಮತ್ತೆ ಮೊದಲಿಂದ 'ಮೈಸೆಲ್ಫ್' ಅಂತ ಶುರು ಮಾಡಿದ.

ಅದಾದರೂ ಹೋಗಲಿ, ಗಾಬರಿ ಯಾರಿಗಾಗೋದಿಲ್ಲ? ಮುಂದಿನದು ಕೇಳಿ. ಬಲಗಡೆ ಕೂತಿದ್ದ ಅಕೌಂಟೆಂಟರು ಕಾಗದದ ಮೇಲೆ ಬೆರಳಿಟ್ಟು ಕೇಳಿದರು. 'ಜಿಎಸ್‌ಟಿ ಫೈಲಿಂಗ್‌ನಲ್ಲಿ ಪರಿಣತ ಅಂತ ಬರೆದಿದೀಯ. ನೀನೇ ಫೈಲ್ ಮಾಡ್ತಿದ್ಯಾ?'

'ಹೌದು ಸಾರ್.'

'ತ್ರೀ-ಬಿ ಯಾವ ತಾರೀಖಿನೊಳಗೆ?'

'ಹನ್ನೊಂದು ಸಾರ್.'

ವ್ಯಾಪಾರಸ್ಥ ಮಹಾಶಯರಿಗೆ ಹೇಳಬೇಕಾಗಿಲ್ಲ. ಪ್ರತಿ ತಿಂಗಳೂ ರಿಟರ್ನ್ ಹಾಕುವ ಅಂಗಡಿಗೆ ಹನ್ನೊಂದನೇ ತಾರೀಖು ಮಾರಾಟದ ವಿವರಕ್ಕೆ. ತೆರಿಗೆ ಕಟ್ಟಿ ತ್ರೀ-ಬಿ ಹಾಕಲು ಇಪ್ಪತ್ತು. ಅಕೌಂಟೆಂಟರು ನಗಲಿಲ್ಲ. ಇನ್ನೊಂದೇ ಒಂದು ಕೇಳಿದರು. 'ಕೊನೇಲಿ ಓಟಿಪಿ ಬರುತ್ತಲ್ಲ, ಅದು ಯಾರ ಮೊಬೈಲಿಗೆ ಬರ್ತಿತ್ತು?'

ಹುಡುಗ ಬಾಯಿ ಬಿಡಲಿಲ್ಲ. ಆ ಓಟಿಪಿ ಅಂಗಡಿಯ ಪರವಾಗಿ ಸಹಿ ಮಾಡುವ ಮಾಲೀಕರ ಮೊಬೈಲಿಗೆ ಬರುತ್ತದೆ ಅನ್ನೋದು ಒಂದು ಸಲವಾದರೂ ಪಕ್ಕದಲ್ಲಿ ನಿಂತು ನೋಡಿದವನಿಗೆ ಗೊತ್ತಿರುತ್ತದೆ. ಇವನು ನೋಡಿಯೇ ಇರಲಿಲ್ಲ. ಫೈಲ್ ಮಾಡುತ್ತಿದ್ದುದು ಆಡಿಟರ್ ಆಫೀಸು.

ಷೋರೂಮಿನವರು ಅಷ್ಟಕ್ಕೇ ಬಿಡಲಿಲ್ಲ. ಅವನು ಮೊದಲು ಕೆಲಸ ಮಾಡಿದ್ದ ಮಂಡಿಪೇಟೆಯ ಹಾರ್ಡ್‌ವೇರ್ ಹೋಲ್‌ಸೇಲ್ ಅಂಗಡಿಗೆ ಫೋನ್ ಹಚ್ಚಿದರು. 'ನಿಮ್ಮಲ್ಲಿ ಎರಡು ವರ್ಷ ಅಕೌಂಟ್ಸ್ ಮ್ಯಾನೇಜರ್ ಆಗಿದ್ನಂತೆ, ಹೌದೇ?'

ಸಾವ್ಕಾರ್ರು ಅಂದದ್ದು ಇಷ್ಟು: 'ಮ್ಯಾನೇಜರ್ರಾ? ನಮ್ಮ ಅಂಗಡೀಲಿ ಮ್ಯಾನೇಜರೂ ನಾನೇ, ಬೆಳಿಗ್ಗೆ ಕಸ ಹೊಡೆಯೋನೂ ನಾನೇ ಸ್ವಾಮಿ!'

ಕೆಲಸ ಹೋಯಿತು. ಇದು ಅವನಿಗೆ ಮೂರನೇ ಸಲ. ಮನೆಯಲ್ಲಿ ಕಾಲು ಮುರಿದು ಎದ್ದ ಅಪ್ಪ, ಎರಡು ಎಕರೆ ಜಮೀನು, ಮೇಲೊಂದು ಕೈಸಾಲ.

ಈಗ ನಿಮಗೆ ಅನ್ನಿಸಬಹುದು, ಸುಳ್ಳು ಹೇಳಿದ, ಅನುಭವಿಸಿದ, ಇದರಲ್ಲೇನು ಅಂಕಣ ಬರೆಯೋದು ಅಂತ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಹುಡುಗನ ಸೋದರಮಾವ ನಮಗೆ ಹಳೇ ಪರಿಚಯ. ಅವರು ಇವನನ್ನು ಒಂದು ಸಂಜೆ ಕರಕೊಂಡು ಬಂದರು. ಮಂಡಕ್ಕಿ ಮಿರ್ಚಿ ತಿನ್ನುತ್ತ ಮಾತಿಗೆ ಕೂತಾಗ ಗೊತ್ತಾದದ್ದು ಬೇರೆಯೇ ಕಥೆ. ಆ 'ಮ್ಯಾನೇಜರ್' ಅನ್ನೋ ಪದ ಅವನದಲ್ಲವೇ ಅಲ್ಲ. ಡಿಟಿಪಿ ಅಂಗಡಿಯದು.

ನಮ್ಮೂರಿನಲ್ಲಿ ಬಯೋಡಾಟಾ ಹೇಗೆ ತಯಾರಾಗುತ್ತದೆ ಅಂತ ಬಲ್ಲಿರಲ್ಲ? ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಗೆ ಹೋಗಿ ನಿಲ್ಲಬೇಕು. ಕಂಪ್ಯೂಟರಿನಲ್ಲಿ ಹಿಂದೆ ಬಂದುಹೋದ ಯಾರದ್ದೋ ಬಯೋಡಾಟಾ ಇರುತ್ತದೆ. ಅದರಲ್ಲಿ ಹೆಸರು ಅಳಿಸಿ ನಿಮ್ಮ ಹೆಸರು, ಅಂಕ ಅಳಿಸಿ ನಿಮ್ಮ ಅಂಕ. ಉಳಿದದ್ದೆಲ್ಲ ಹಾಗೇ. ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯ ಏಳಿಗೆಗೆ ಶ್ರಮಿಸುವ ಗುರಿ ಎಲ್ಲರಿಗೂ ಒಂದೇ. ಎಲ್ಲರೂ ಪರಿಶ್ರಮಿಗಳು, ಎಲ್ಲರಿಗೂ ನಾಯಕತ್ವದ ಗುಣ, ಎಲ್ಲರ ಹವ್ಯಾಸವೂ ಕ್ರಿಕೆಟ್ಟು. ನಮ್ಮ ಹುಡುಗ 'ಅಂಗಡೀಲಿ ಲೆಕ್ಕ ಬರೀತಿದ್ದೆ' ಅಂದದ್ದಕ್ಕೆ ಡಿಟಿಪಿಯವರು 'ಹಂಗೆ ಹಾಕಿದ್ರೆ ಯಾರು ಕರೀತಾರೆ, ಮ್ಯಾನೇಜರ್ ಅಂತ ಹಾಕ್ತೀನಿ ಬಿಡು' ಅಂದರಂತೆ. ಇಪ್ಪತ್ತು ತಿಂಗಳು ಅಂದದ್ದು ಎರಡು ವರ್ಷ ಆಯಿತು. ಆಡಿಟರ್ ಆಫೀಸಿಗೆ ಬಿಲ್ಲು ಕಳಿಸ್ತಿದ್ದೆ ಅಂದದ್ದು ಜಿಎಸ್‌ಟಿ ಪರಿಣತಿ ಆಯಿತು. ಕನ್ನಡ ಒಂದೇ ಭಾಷೆ ಸರಿಯಾಗಿ ಬರುವ ಹುಡುಗನಿಗೆ ಇಂಗ್ಲಿಷ್, ಹಿಂದಿ, ತೆಲುಗು ಮೂರೂ 'ಓದಲು, ಬರೆಯಲು, ಮಾತಾಡಲು' ಬಂದುಬಿಟ್ಟವು. ಏನು ಮಹಿಮೆ ನೋಡಿ!

ಆ ಸಂಜೆ ನನ್ನ ಜತೆ ಇನ್ನೊಬ್ಬರಿದ್ದರು. ಹರಿಹರದ ಒಂದು ಕಾರ್ಖಾನೆಯಲ್ಲಿ ಬಹಳ ವರ್ಷ ಕೆಲಸಕ್ಕೆ ಆಳು ಆರಿಸುವ ವಿಭಾಗದಲ್ಲೇ ಇದ್ದು ನಿವೃತ್ತರಾದ ಸ್ನೇಹಿತರು. ಎದುರಿಗೆ ಸಾವಿರಾರು ಹುಡುಗರನ್ನು ಕೂರಿಸಿಕೊಂಡು 'ನಿನ್ನ ಬಗ್ಗೆ ಹೇಳಪ್ಪ' ಅಂದವರು. ಅವರು ಕಾಗದ ಓದಿ, ಮಿರ್ಚಿ ಕೆಳಗಿಟ್ಟು, ಕೈ ಒರೆಸಿಕೊಂಡು, 'ತಮ್ಮಾ, ಪೆನ್ಸಿಲ್ ಐತೇನು?' ಅಂದರು. ಮುಂದೆ ಒಂದೂವರೆ ಗಂಟೆ ಅಲ್ಲಿ ನಡೆದದ್ದನ್ನು ಬರೆಯಬೇಕು ಅಂತಲೇ ಈ ವಾರದ ಅಂಕಣ.

ಅವರು ಮೊದಲು ಹೇಳಿದ್ದು: ಇಂಟರ್‌ವ್ಯೂ ಮಾಡುವವನ ಕಣ್ಣು ಕಾಗದದ ಮೇಲಿರುತ್ತದೆ, ಕಿವಿ ನಿನ್ನ ಮೇಲಿರುತ್ತದೆ. ನೀನು ಮಾತಾಡುವಾಗ ಅವನು ಓದುತ್ತಿರುತ್ತಾನೆ. ಕಣ್ಣಿಗೆ ಬಿದ್ದದ್ದು ಕಿವಿಗೆ ಬೀಳದಿದ್ದರೆ, ಇಲ್ಲವೇ ಕಿವಿಗೆ ಬಿದ್ದದ್ದು ಕಣ್ಣಿಗೆ ಕಾಣದಿದ್ದರೆ, ಅವನಿಗೆ ಪ್ರಶ್ನೆ ತಾನಾಗೇ ಹುಟ್ಟುತ್ತದೆ. ಆದ್ದರಿಂದ ಮಾತು ತಯಾರು ಮಾಡುವ ಮೊದಲು ಕಾಗದ ಸರಿ ಮಾಡಬೇಕು. ಸುಳ್ಳು ಕಾಗದ ಇಟ್ಟುಕೊಂಡು ನಿಜ ಮಾತಾಡಿದರೂ ಸಿಕ್ಕಿಬೀಳ್ತೀಯ, ಸುಳ್ಳು ಮಾತಾಡಿದರೂ ಸಿಕ್ಕಿಬೀಳ್ತೀಯ.

ಬಯೋಡಾಟಾದ ಒಂದೊಂದು ಸಾಲಿನ ಪಕ್ಕದಲ್ಲೂ ಪೆನ್ಸಿಲಿನಲ್ಲಿ ಗೆರೆ ಎಳೆದು ಒಂದೇ ಪ್ರಶ್ನೆ ಕೇಳುತ್ತ ಹೋದರು. 'ಇದರ ಮೇಲೆ ಎರಡನೇ ಪ್ರಶ್ನೆ ಕೇಳಿದರೆ ಏನಂತೀಯ?' ಮೊದಲನೇ ಪ್ರಶ್ನೆಗೆ ಎಲ್ಲರೂ ಹೌದು ಅಂತಾರೆ ಸ್ವಾಮಿ. ಪರೀಕ್ಷೆ ಇರೋದು ಎರಡನೇದರಲ್ಲಿ. ಎಕ್ಸೆಲ್ ಬರುತ್ತಾ? ಬರುತ್ತೆ. ಎರಡು ಹಾಳೆಯಲ್ಲಿರೋ ಬಿಲ್ ನಂಬರುಗಳಲ್ಲಿ ಯಾವುದು ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲ, ಹೇಗೆ ಹುಡುಕ್ತೀಯ? ಇದಕ್ಕೆ ಹುಡುಗ ಥಟ್ಟನೆ ಹೇಳಿದ: ಬಿಲ್ ನಂಬರ್ ಪ್ರಕಾರ ಎರಡನ್ನೂ ಜೋಡಿಸಿ, ವಿಲುಕಪ್ ಹಾಕಿ, ಸಿಗದೇ ಇದ್ದದ್ದಕ್ಕೆ ಬಣ್ಣ ಹಚ್ಚುತ್ತಿದ್ದೆ ಅಂತ. ಸ್ನೇಹಿತರು ಆ ಸಾಲಿಗೆ ಸರಿ ಗುರುತು ಹಾಕಿದರು. ಹಿಂದಿ? ಎರಡನೇ ಪ್ರಶ್ನೆ ಹಿಂದಿಯಲ್ಲೇ ಬಂತು. ಹುಡುಗ ನನ್ನ ಮುಖ ನೋಡಿದ. ಸಾಲು ಹೊಡೆದು ಹಾಕಿದರು. ತೆಲುಗೂ ಹೋಯಿತು. 'ಪುಸ್ತಕ ಓದೋದು' ಹೋಯಿತು, ಕೊನೆಯದಾಗಿ ಓದಿದ್ದು ಯಾವುದು ಅಂತ ಹೇಳಲಿಕ್ಕಾಗಲಿಲ್ಲ. ನಾಯಕತ್ವ, ಪರಿಶ್ರಮ, ಹೊಂದಿಕೊಳ್ಳುವ ಗುಣ, ಇವಕ್ಕೆ ಎರಡನೇ ಪ್ರಶ್ನೆ ಕೇಳುವ ಗೋಜಿಗೇ ಅವರು ಹೋಗಲಿಲ್ಲ. ನೇರ ಗೀಟು.

'ಅಕೌಂಟ್ಸ್ ಮ್ಯಾನೇಜರ್, 2 ವರ್ಷ' ಅನ್ನೋ ಸಾಲಿಗೆ ಬಂದಾಗ ಪೆನ್ಸಿಲ್ ನಿಂತಿತು. 'ಸೇರಿದ್ದು ಯಾವಾಗ, ಬಿಟ್ಟದ್ದು ಯಾವಾಗ?' 2023ರ ಜೂನ್ ಒಂದಕ್ಕೆ ಸೇರಿ, 2025ರ ಜನವರಿ ಕೊನೆಗೆ ಬಿಟ್ಟದ್ದು. ಬೆರಳೆಣಿಸಿದರು. 2023ರಲ್ಲಿ ಏಳು ತಿಂಗಳು, 2024 ಪೂರ್ತಿ ಹನ್ನೆರಡು, ಆಮೇಲೊಂದು. ಇಪ್ಪತ್ತು. 'ಇಪ್ಪತ್ತು ಅಂತಲೇ ಬರಿ. ಎರಡು ವರ್ಷ ಅಂತ ಬರೆದು ಕೆಳಗೆ ತಾರೀಖು ಹಾಕಿದರೆ ಎಣಿಸೋನು ಎಣಿಸೇ ಎಣಿಸ್ತಾನೆ. ನಾಲ್ಕು ತಿಂಗಳ ಆಸೆಗೆ ಉಳಿದ ಇಪ್ಪತ್ತು ತಿಂಗಳನ್ನೂ ಅನುಮಾನಕ್ಕೆ ಹಾಕ್ತೀಯ.'

ಆಮೇಲೆ ಬಂತು ನೋಡಿ ಅಸಲಿ ಪ್ರಶ್ನೆ. 'ಹುದ್ದೆ ಬಿಡು. ಬೆಳಿಗ್ಗೆ ಅಂಗಡಿಗೆ ಹೋಗಿ ಕೂತರೆ ಸಂಜೆ ತನಕ ಏನು ಮಾಡ್ತಿದ್ದೆ? ನಮ್ಮ ಭಾಷೇಲಿ ಹೇಳು.'

ಹುಡುಗ ಮೊದಲು ಸಂಕೋಚಪಟ್ಟ. ಆಮೇಲೆ ನಿಧಾನವಾಗಿ ಬಾಯಿ ಬಿಟ್ಟ. ದಿನಕ್ಕೆ ನಲವತ್ತು ಬಿಲ್ಲಿನಷ್ಟು ಟ್ಯಾಲಿಗೆ ಹಾಕೋದು. ಬ್ಯಾಂಕಿನ ಜಮಾ ಖರ್ಚು ನೋಡೋದು. ತಿಂಗಳ ಹದಿನಾಲ್ಕನೇ ತಾರೀಖಾದ ಮೇಲೆ ಜಿಎಸ್‌ಟಿ ವೆಬ್‌ಸೈಟಿನಲ್ಲಿ ಟೂ-ಬಿ ಪಟ್ಟಿ ಬರುತ್ತದಲ್ಲ, ಅದನ್ನು ಇಳಿಸಿಕೊಂಡು ನಮ್ಮ ಖರೀದಿ ಬಿಲ್ಲುಗಳ ಜತೆ ತಾಳೆ ನೋಡೋದು. ಈ ಪಟ್ಟಿ ಏನು ಅಂತ ಬಸ್ಸಿನಲ್ಲಿ ಓದುತ್ತಿರುವವರಿಗೆ ಹೇಳಬೇಕು: ನಮಗೆ ಮಾಲು ಮಾರಿದವರು ನಮ್ಮ ನಂಬರಿಗೆ ತೋರಿಸಿರುವ ಬಿಲ್ಲುಗಳು ಅದರಲ್ಲಿರುತ್ತವೆ. ಬಿಲ್ಲು ಕೈಯಲ್ಲಿದ್ದೂ ಪಟ್ಟಿಯಲ್ಲಿ ಇಲ್ಲದಿದ್ದರೆ ಆ ತೆರಿಗೆಯನ್ನು ನಾವು ಕಟ್ಟುವುದರಲ್ಲಿ ಮುರಿದುಕೊಳ್ಳುವ ಹಾಗಿಲ್ಲ. ಗಂಟು ಕೈಬಿಟ್ಟಂತೆ.

'ಹಂಗೆ ಯಾವತ್ತಾದರೂ ಕೈಬಿಟ್ಟಿತ್ತೇನು?' ಸ್ನೇಹಿತರು ಕೇಳಿದರು.

'ಒಂದ್ಸಲ ಆಗಿತ್ತು ಸಾರ್. 2024ರಲ್ಲಿ. ಬಣ್ಣದ ಬಿಲ್ಲು, ಒಂದು ಲಕ್ಷದ ಎರಡು ಸಾವಿರದ್ದು. ನೂರಕ್ಕೆ ಹದಿನೆಂಟರಂತೆ ಹದಿನೆಂಟು ಸಾವಿರದ ಮುನ್ನೂರ ಅರವತ್ತು ತೆರಿಗೆ. ಪಟ್ಟೀಲಿ ಇರಲೇ ಇಲ್ಲ. ಹುಬ್ಬಳ್ಳಿಯವರು ನಮ್ಮ ಹೆಸರೇ ಇರೋ ಬೇರೆ ಅಂಗಡಿ ನಂಬರಿಗೆ ಹಾಕಿಬಿಟ್ಟಿದ್ರು. ನಾನೇ ಫೋನ್ ಮಾಡಿ, ಬಿಲ್ಲಿನ ಫೋಟೋ ಕಳಿಸಿ, ಮುಂದಿನ ತಿಂಗಳು ಸರಿ ಮಾಡಿಸಿದೆ.'

'ಇದನ್ನ ಯಾಕೆ ಬರೆದಿಲ್ಲ?'

'ಅದು ದಿನಾ ಮಾಡೋ ಕೆಲಸ ಅಲ್ವಾ ಸಾರ್.'

ನನಗೆ ಅಲ್ಲಿ ಹೊಟ್ಟೆ ಚುರ್ ಅಂದಿತು. ಷೋರೂಮಿನ ಅಕೌಂಟೆಂಟರಿಗೆ ಬೇಕಾಗಿದ್ದ ಮನುಷ್ಯ ಇವನೇ. ಬೈಕಿನ ಬಿಡಿಭಾಗ, ಆಯಿಲು, ಟೈರು ಅಂತ ಖರೀದಿ ಬಿಲ್ಲು ರಾಶಿ ಬೀಳುವ ಜಾಗ ಅದು. ಅವರ ಎದುರಿಗೇ ಕೂತು ಇವನು ಕ್ರಿಕೆಟ್ ಹವ್ಯಾಸದ ಬಗ್ಗೆ ಇಂಗ್ಲಿಷಿನಲ್ಲಿ ತೊದಲಿ, ಮಾಡದ ಕೆಲಸಕ್ಕೆ ಹೌದು ಅಂದು, ಮಾಡಿದ ಕೆಲಸ ಹೇಳದೇ ಎದ್ದು ಬಂದಿದ್ದ. ಕಾಗದದ ಮೇಲಿನ ದೊಡ್ಡ ಸುಳ್ಳು ಚಿಕ್ಕ ನಿಜದ ಜಾಗವನ್ನು ತಿಂದುಹಾಕಿತ್ತು.

ಕಾಗದ ಹೊಸದಾಗಿ ಬರೆದದ್ದಾಯಿತು. 'ಲೆಕ್ಕದ ಸಹಾಯಕ, ಜೂನ್ 2023ರಿಂದ ಜನವರಿ 2025, 20 ತಿಂಗಳು.' ಕೆಳಗೆ ಮೂರು ಸಾಲು: ದಿನಕ್ಕೆ ಸುಮಾರು 40 ಬಿಲ್ಲು ಟ್ಯಾಲಿಗೆ, ಖರೀದಿ ಬಿಲ್ಲುಗಳನ್ನು ಪ್ರತಿ ತಿಂಗಳು ಟೂ-ಬಿ ಜತೆ ತಾಳೆ ಮಾಡಿ ತೆರಿಗೆ ಸಲಹೆಗಾರರಿಗೆ ಒಪ್ಪಿಸುವುದು, ಪಟ್ಟಿಯಲ್ಲಿ ಬಾರದಿದ್ದ 18,360 ರೂಪಾಯಿ ತೆರಿಗೆ ಪತ್ತೆಹಚ್ಚಿ ಸರಿಪಡಿಸಿದ್ದು. ಇಂಗ್ಲಿಷಿನ ಮುಂದೆ 'ಓದಲು ಬರೆಯಲು ಬರುತ್ತದೆ, ಮಾತು ಸಾಧಾರಣ' ಅಂತ. ಇದಕ್ಕೆ ಹುಡುಗ ಬಹಳ ಹಿಂದೆಮುಂದೆ ನೋಡಿದ. ಸ್ನೇಹಿತರು ಅಂದರು, 'ಬೇರೆ ಎಲ್ಲ ಸಾಲಿಗೂ ಸಾಕ್ಷಿ ಆಮೇಲೆ ಕೇಳ್ತಾರೆ ತಮ್ಮಾ. ಇಂಗ್ಲಿಷಿಗೆ ಮಾತ್ರ ನೀನು ಬಾಯಿ ತೆರೆದ ಕೂಡಲೇ ಸಾಕ್ಷಿ ಸಿಕ್ಕಿಬಿಡುತ್ತೆ. ಅದರಲ್ಲಿ ಏರಿಸಿ ಬರೆಯೋದಕ್ಕಿಂತ ದಡ್ಡತನ ಇನ್ನೊಂದಿಲ್ಲ.'

ಇನ್ನು ಮಾತು. ಕಾಗದದಲ್ಲಿದ್ದ ಇನ್ನೂರು ಮುನ್ನೂರು ಪದ ಹೇಳಲು ಹೋದರೆ ಮೂರು ನಿಮಿಷ ಬೇಕು. ಅಷ್ಟು ಹೊತ್ತು ಯಾರೂ ಕೇಳೋದಿಲ್ಲ. ಎದುರಿನವರಿಗೆ ತಿಳಿಯುವ ಹಾಗೆ ನಿಧಾನಕ್ಕೆ ಕನ್ನಡ ಮಾತಾಡಿದರೆ ನಿಮಿಷಕ್ಕೆ ಎಂಬತ್ತು ತೊಂಬತ್ತು ಪದ ಹಿಡಿಸುತ್ತದೆ. ಒಂದು ನಿಮಿಷ ಸಾಕು. ಹೆಸರು, ತಂದೆ ಹೆಸರು, ವಿಳಾಸ ಅವರ ಕೈಯಲ್ಲೇ ಇದೆ, ಅದನ್ನು ಓದಿ ಹೇಳುವ ಅಗತ್ಯವಿಲ್ಲ. ಮೊದಲು ಈಚೆಗೆ ಮಾಡಿದ ಕೆಲಸ, ನಡುವೆ ನಡೆದ ಒಂದೇ ಒಂದು ಪ್ರಸಂಗ, ಕೊನೆಗೆ ಈ ಕೆಲಸಕ್ಕೆ ಯಾಕೆ ಬಂದೆ ಅನ್ನೋದು. ಅಷ್ಟೇ.

ಒಂದು ತಕರಾರು ಉಳಿದಿತ್ತು. ಫೆಬ್ರವರಿಯಿಂದ ಸೆಪ್ಟೆಂಬರ್ ತನಕ ಎಂಟು ತಿಂಗಳು ಕೆಲಸವಿಲ್ಲದೆ ಇದ್ದದ್ದು. ಹಿಂದಿನ ಇಂಟರ್‌ವ್ಯೂಗಳಲ್ಲಿ ಅದನ್ನು ಮುಚ್ಚಲಿಕ್ಕೆ ಏನೇನೋ ಹೇಳಿದ್ದನಂತೆ. ಒಂದು ಕಡೆ ಕೋರ್ಸ್ ಮಾಡ್ತಿದ್ದೆ, ಇನ್ನೊಂದು ಕಡೆ ಸ್ವಂತ ವ್ಯಾಪಾರ. ಸ್ನೇಹಿತರು ಹೇಳಿದರು: ಕೇಳುವ ಮೊದಲೇ ಒಂದೇ ವಾಕ್ಯದಲ್ಲಿ ನೀನೇ ಹೇಳಿಬಿಡು, ಹೇಳಿ ಮುಂದಕ್ಕೆ ಹೋಗು, ಅಲ್ಲಿ ನಿಂತು ಅಳಬೇಡ.

ನಾಲ್ಕಾರು ಸಲ ಹೊಡೆದು ಬರೆದು ಕೊನೆಗೆ ಉಳಿದ ಮಾತು ಇದು. ಎಣಿಸಿದರೆ ಹತ್ತಿರ ಹತ್ತಿರ ಎಂಬತ್ತೈದು ಪದ.

'ನಮಸ್ಕಾರ ಸಾರ್. ನಾನು ಬಿ.ಕಾಂ. ಓದಿದೀನಿ. ಮಂಡಿಪೇಟೆಯ ಹಾರ್ಡ್‌ವೇರ್ ಹೋಲ್‌ಸೇಲ್ ಅಂಗಡೀಲಿ ಇಪ್ಪತ್ತು ತಿಂಗಳು ಲೆಕ್ಕದ ಸಹಾಯಕನಾಗಿದ್ದೆ. ದಿನಕ್ಕೆ ನಲವತ್ತು ಬಿಲ್ಲಿನಷ್ಟು ಟ್ಯಾಲಿಗೆ ಹಾಕ್ತಿದ್ದೆ. ತಿಂಗಳಿಗೊಂದು ಸಲ ಖರೀದಿ ಬಿಲ್ಲನ್ನೆಲ್ಲ ಟೂ-ಬಿ ಪಟ್ಟಿ ಜತೆ ತಾಳೆ ನೋಡಿ ಆಡಿಟರ್ ಆಫೀಸಿಗೆ ಕಳಿಸ್ತಿದ್ದೆ. ರಿಟರ್ನ್ ಸಲ್ಲಿಸ್ತಿದ್ದವರು ಅವರು. ಹೋದ ವರ್ಷ ಒಂದು ಬಣ್ಣದ ಬಿಲ್ಲಿನ ತೆರಿಗೆ, ಹದಿನೆಂಟು ಸಾವಿರದ ಮುನ್ನೂರ ಅರವತ್ತು ರೂಪಾಯಿ, ಪಟ್ಟೀಲಿ ಕಾಣಲಿಲ್ಲ. ಮಾರಿದವರು ಬೇರೆ ಅಂಗಡಿ ನಂಬರಿಗೆ ಹಾಕಿಬಿಟ್ಟಿದ್ರು. ನಾನು ಅದನ್ನ ಹಿಡಿದು, ಫೋನ್ ಮಾಡಿ, ಮುಂದಿನ ತಿಂಗಳು ಸರಿ ಮಾಡಿಸಿದೆ. ಫೆಬ್ರವರೀಲಿ ನಮ್ಮ ತಂದೆ ಕಾಲು ಮುರೀತು. ಜಮೀನು ನೋಡ್ಕೊಂಡು ಮನೇಲಿದ್ದೆ. ಈಗ ಅವರು ಓಡಾಡ್ತಾರೆ. ನಿಮ್ಮಲ್ಲಿ ಖರೀದಿ ಬಿಲ್ಲು ಜಾಸ್ತಿ ಬರ್ತಾವೆ. ಆ ತಾಳೆ ಕೆಲಸ ನನಗೆ ಬರುತ್ತೆ. ರಿಟರ್ನ್ ಸಲ್ಲಿಸೋದನ್ನೂ ಕಲೀಬೇಕು ಅಂತ ಬಂದಿದೀನಿ.'

ಇದರಲ್ಲಿ 'ರಿಟರ್ನ್ ಸಲ್ಲಿಸ್ತಿದ್ದವರು ಅವರು' ಅನ್ನೋ ಮೂರು ಪದದ ಬಗ್ಗೆ ಸೋದರಮಾವ ಜಗಳಕ್ಕೇ ನಿಂತರು. ತನಗೆ ಬಾರದ್ದನ್ನ ತಾನೇ ಯಾಕೆ ಹೇಳ್ಕೋಬೇಕು ಅಂತ. ಸ್ನೇಹಿತರ ಉತ್ತರ ನನಗೆ ಹಿಡಿಸಿತು. ಆ ಮೂರು ಪದ ಇದ್ದರೆ ಉಳಿದ ಎಂಬತ್ತನ್ನೂ ನಂಬ್ತಾರೆ. 'ನಾನು ಮಾಡಿದ್ದು ಇಷ್ಟು, ಉಳಿದದ್ದು ಬೇರೆಯವರದು' ಅಂತ ಗೆರೆ ಎಳೆಯಬಲ್ಲವನ ಕೈಗೆ ಲೆಕ್ಕದ ಪುಸ್ತಕ ಕೊಡಬಹುದು ಅಂತ ಅನುಭವಸ್ಥ ಅಕೌಂಟೆಂಟನಿಗೆ ಗೊತ್ತಿರುತ್ತದೆ.

ಬಾಯಿಪಾಠ ಮಾಡಬಾರದು ಅಂತ ಕಟ್ಟುನಿಟ್ಟಾಗಿ ಹೇಳಿದರು. ಬಾಯಿಪಾಠದಲ್ಲಿ ಒಂದು ಪದ ಜಾರಿದರೆ 'ಚಾಲೆಂಜಿಂಗ್' ಕಥೆಯೇ ಮತ್ತೆ. ಮೊದಲನೇ ವಾಕ್ಯ, ಕೊನೇ ವಾಕ್ಯ ಮಾತ್ರ ಗಟ್ಟಿ ಇರಲಿ. ನಡುವಿನದಕ್ಕೆ ನಾಲ್ಕು ಗೂಟ ಸಾಕು: ನಲವತ್ತು ಬಿಲ್ಲು, ತಾಳೆ, ಬಣ್ಣದ ಬಿಲ್ಲು, ತಂದೆ ಕಾಲು. ಪ್ರತಿ ಸಲ ಪದ ಬೇರೆ ಬಂದರೂ ಚಿಂತೆಯಿಲ್ಲ, ಅಂಕಿ ಬೇರೆ ಬರಕೂಡದು. ಮೊಬೈಲಿನಲ್ಲಿ ರೆಕಾರ್ಡ್ ಹಾಕಿಕೊಂಡು ಹೇಳಿದಾಗ ಮೊದಲ ಸಲ ಒಂದು ನಿಮಿಷ ಐವತ್ತು ಸೆಕೆಂಡ್ ಆಯಿತು. ಬಣ್ಣದ ಬಿಲ್ಲಿನ ಕಥೆಯನ್ನೇ ಪುರಾಣ ಮಾಡಿದ್ದ. ನಾಲ್ಕನೇ ಸಲಕ್ಕೆ ಒಂದು ನಿಮಿಷ ಐದು ಸೆಕೆಂಡಿಗೆ ಇಳಿಯಿತು.

ಆಮೇಲೆ ಒಂದು ಪರೀಕ್ಷೆ ಮಾಡಿದರು. ಇದನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದು. ಹೊಸ ಕಾಗದವನ್ನು ಸೋದರಮಾವನ ಕೈಗೆ ಕೊಟ್ಟು, ಹುಡುಗ ಹೇಳಿದ ಒಂದೊಂದು ವಿಷಯವೂ ಕಾಗದದಲ್ಲಿ ಎಲ್ಲಿದೆ ಅಂತ ಗುರುತು ಹಾಕುತ್ತ ಹೋಗಲು ಹೇಳಿದರು. ಬಾಯಲ್ಲಿ ಬಂದದ್ದು ಕಾಗದದಲ್ಲಿ ಸಿಗದಿದ್ದರೆ ಒಂದು ಸುತ್ತು, ಕಾಗದದ ಮುಖ್ಯ ಸಾಲು ಬಾಯಲ್ಲಿ ಬಾರದಿದ್ದರೆ ಇನ್ನೊಂದು ಸುತ್ತು. ಮೊದಲ ಸಲ ಎರಡು ಸುತ್ತು ಬಿದ್ದವು. ಎಂಟು ತಿಂಗಳು ಮನೆಯಲ್ಲಿದ್ದದ್ದು ಕಾಗದದಲ್ಲಿ ಇರಲಿಲ್ಲ, ಬರೆದರು. ಇನ್ನೊಂದು, ಅವನು ಉತ್ಸಾಹದಲ್ಲಿ 'ನಲವತ್ತೈವತ್ತು ಬಿಲ್ಲು' ಅಂದುಬಿಟ್ಟಿದ್ದ, ಕಾಗದದಲ್ಲಿ ನಲವತ್ತು. 'ಇಲ್ಲೇ ನೋಡು ಶುರುವಾಗೋದು' ಅಂದರು ಸ್ನೇಹಿತರು. ಬಾಯಿಗೆ ಯಾವಾಗಲೂ ಹತ್ತು ಹೆಚ್ಚು ಹೇಳುವ ಚಟ.

ಇದರ ಉಲ್ಟಾ ತಪ್ಪನ್ನೂ ಅವರೇ ಹೇಳಿದರು, ಚಿಕ್ಕದಾಗಿ ಹೇಳಿಬಿಡುತ್ತೇನೆ. ಬಟ್ಟೆ ಅಂಗಡಿಯಲ್ಲಿ ಮೂರು ವರ್ಷ ಸೀರೆ ಕೌಂಟರ್ ನೋಡಿಕೊಂಡಿದ್ದ ಹೆಣ್ಣುಮಗಳೊಬ್ಬಳು ಅವರ ಎದುರಿಗೆ ಬಂದಿದ್ದಳಂತೆ. ಮಾತಿನಲ್ಲಿ ದೀಪಾವಳಿ ಸೀಸನ್ನಿನಲ್ಲಿ ಸ್ಟಾಕ್ ಹೇಗೆ ಎಣಿಸುತ್ತಿದ್ದೆ ಅಂತ ಸೊಗಸಾಗಿ ಹೇಳಿದಳು. ಇವರು ಕಾಗದ ಮಗುಚಿ ಮಗುಚಿ ನೋಡಿದರೆ ಅದರಲ್ಲಿ ಬಿ.ಎ. ಅಂಕ ಮತ್ತು ರಂಗೋಲಿ ಹವ್ಯಾಸ ಬಿಟ್ಟರೆ ಏನೂ ಇಲ್ಲ. ಅಂಗಡಿ ಕೆಲಸ ಬರೆದರೆ ಕೀಳಾಗಿ ನೋಡ್ತಾರೆ ಅಂತ ಬಿಟ್ಟಿದ್ದಳು. ಇವರು ನಂಬಿದರು, ಆದರೆ ಪಕ್ಕದವರು ನಂಬಲಿಲ್ಲ.

ಈಗ ನನ್ನ ಮೇಲೆ ಬೀಳುವ ಆಕ್ಷೇಪಣೆ ನನಗೆ ಗೊತ್ತು. ಎಲ್ಲರೂ ಏರಿಸಿ ಬರೆಯುವ ಊರಿನಲ್ಲಿ ಇವನೊಬ್ಬ ಇಳಿಸಿ ಬರೆದರೆ ಇಂಟರ್‌ವ್ಯೂಗೆ ಕರೆಯೋದೇ ಇಲ್ಲವಲ್ಲ ಅಂತ. ಈ ಮಾತಿನಲ್ಲಿ ನಿಜವಿದೆ, ಅಡಗಿಸುವುದಿಲ್ಲ. ಹುದ್ದೆಯ ಹೆಸರು ನೋಡಿಯೇ ಕಾಗದ ಆಚೆ ಇಡುವ ಕಡೆಗಳಲ್ಲಿ 'ಸಹಾಯಕ' ಅನ್ನೋನು ಬಾಗಿಲು ದಾಟಲಾರ. ಆದರೆ ಬಾಗಿಲು ದಾಟಿ ಓಟಿಪಿ ಪ್ರಶ್ನೆಗೆ ಸಿಕ್ಕಿಬೀಳುವವನಿಗೂ ಕೆಲಸ ಸಿಗಲಿಲ್ಲ, ಮೇಲೆ ಬಸ್ ಚಾರ್ಜೂ ಹೋಯಿತು, ಹಳೇ ಸಾವ್ಕಾರ್ರ ಮುಂದೆ ಮುಖವೂ ಹೋಯಿತು. ಮತ್ತೆ, ಇಳಿಸಿ ಬರೆಯೋದಕ್ಕೂ ಬಿಡಿಸಿ ಬರೆಯೋದಕ್ಕೂ ವ್ಯತ್ಯಾಸವಿದೆ. 'ಜಿಎಸ್‌ಟಿ ಪರಿಣತ' ಅಂತ ಊರಿನ ಎಲ್ಲ ಬಯೋಡಾಟಾದಲ್ಲೂ ಇರುತ್ತದೆ, ಕಣ್ಣು ಜಾರಿ ಹೋಗುತ್ತದೆ. 'ಟೂ-ಬಿ ತಾಳೆ, 18,360 ರೂಪಾಯಿ' ಅನ್ನೋ ಸಾಲಿನಲ್ಲಿ ಲೆಕ್ಕ ಬಲ್ಲವನ ಕಣ್ಣು ನಿಲ್ಲುತ್ತದೆ.

ಮಂಡಿಪೇಟೆ, ಚಾಮರಾಜಪೇಟೆಯ ವ್ಯಾಪಾರಸ್ಥ ಬಂಧುಗಳಿಗೂ ಒಂದು ಮಾತು. ಕೋಪ ಮಾಡಿಕೊಳ್ಳಬೇಡಿ. ಈ ಸುಳ್ಳಿನ ಅರ್ಧ ಪಾಲು ನಿಮ್ಮ ಗಲ್ಲಾಪೆಟ್ಟಿಗೆಯ ಹತ್ತಿರವೇ ಹುಟ್ಟುತ್ತದೆ. ಇಪ್ಪತ್ತು ತಿಂಗಳು ದುಡಿದ ಹುಡುಗನ ಕೈಯಲ್ಲಿ 'ಇವನು ನಮ್ಮಲ್ಲಿ ಇಂಥ ಕೆಲಸ ಮಾಡಿದ' ಅನ್ನುವ ಒಂದು ಚೀಟಿ ಇಲ್ಲ. ಸೇರುವಾಗ ನೇಮಕ ಪತ್ರ ಇಲ್ಲ, ಬಿಡುವಾಗ ಅನುಭವ ಪತ್ರ ಇಲ್ಲ. ಅವನ ಹುದ್ದೆಗೆ ಹೆಸರೇ ಇಲ್ಲದಿದ್ದಾಗ ಡಿಟಿಪಿಯವನು ಇಟ್ಟದ್ದೇ ಹೆಸರು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಲ್ಲಿ ಕೆಲಸಕ್ಕೆ ಸೇರಿಸಿಕೊಂಡ ಮೂವತ್ತು ದಿನದೊಳಗೆ ನೇಮಕಾತಿ ಆದೇಶ ಕೊಡಬೇಕು ಅಂತಲೇ ಇದೆ. ಎಷ್ಟು ಅಂಗಡಿಯವರು ಕೊಡುತ್ತೀರಿ, ಎದೆ ಮುಟ್ಟಿ ಹೇಳಿ. ಅಂಗಡಿಯ ಲೆಟರ್‌ಹೆಡ್ಡಿನ ಮೇಲೆ ಹುದ್ದೆ, ಸೇರಿದ ತಾರೀಖು, ಬಿಟ್ಟ ತಾರೀಖು, ಮಾಡಿದ ಕೆಲಸ, ನಾಲ್ಕು ಸಾಲು. ಐದು ನಿಮಿಷದ ಕೆಲಸ. ಆಮೇಲೆ ಯಾರಾದರೂ ಫೋನ್ ಮಾಡಿದರೆ ನೀವೂ ತಡವರಿಸಬೇಕಾಗಿಲ್ಲ.

ನಮ್ಮ ಹುಡುಗನ ಸಾವ್ಕಾರ್ರ ಹತ್ತಿರ ಹೋಗಿ ಬರೆಸಿಕೊಂಡು ಬಾ ಅಂತ ಕಳಿಸಿದೆವು. ಹೆದರಿಕೊಂಡು ಹೋದ. ಅವರು ಮೊದಲು ಬೈದರಂತೆ, 'ಏನಯ್ಯಾ ಮ್ಯಾನೇಜರ್ರೇ, ಬನ್ನಿ ಬನ್ನಿ' ಅಂತ. ಆಮೇಲೆ ಚಹಾ ತರಿಸಿ, ಪತ್ರ ಬರೆದುಕೊಟ್ಟು, ಬಣ್ಣದ ಬಿಲ್ಲಿನ ವಿಷಯವನ್ನು ಅವರೇ ನೆನಪಿಸಿಕೊಂಡು ಸೇರಿಸಿದರು.

ಡಿಸೆಂಬರಿನಲ್ಲಿ ಹರಿಹರದ ಒಬ್ಬ ಟೈಲ್ಸ್ ವಿತರಕರ ಹತ್ತಿರ ಇಂಟರ್‌ವ್ಯೂ ಆಯಿತು. ಹುಡುಗ ತನ್ನ ಒಂದು ನಿಮಿಷ ಹೇಳಿ ಮುಗಿಸಿದ. ಅವರು ಎರಡೇ ಪ್ರಶ್ನೆ ಕೇಳಿದರಂತೆ, ಎರಡೂ ಬಣ್ಣದ ಬಿಲ್ಲಿನ ಮೇಲೆ. ತಪ್ಪು ನಂಬರು ಅಂತ ಹೇಗೆ ಗೊತ್ತಾಯಿತು, ಸರಿಯಾಗುವ ತನಕ ಆ ತಿಂಗಳ ತೆರಿಗೆ ಏನು ಮಾಡಿದಿರಿ. ಎರಡಕ್ಕೂ ಉತ್ತರ ಇತ್ತು, ಯಾಕೆಂದರೆ ಮಾಡಿದ್ದು ಅವನೇ. ಕೆಲಸ ಕೊಟ್ಟಿದ್ದಾರೆ. ಸಂಬಳ ಅವನು ಕೇಳಿದ್ದಕ್ಕಿಂತ ಎರಡು ಸಾವಿರ ಕಡಿಮೆ. ರಿಟರ್ನ್ ಹಾಕೋದು ಕಲಿತ ಮೇಲೆ ನೋಡೋಣ ಅಂದಿದ್ದಾರೆ.

ಮೊನ್ನೆ ಆ ಡಿಟಿಪಿ ಅಂಗಡಿಗೆ ನಾನೇ ಹೋಗಿದ್ದೆ. ಬಾಗಿಲ ಮುಂದೆ ನಾಲ್ಕು ಜನ ಹುಡುಗರು ನಿಂತಿದ್ದರು. 'ಯಾಕ್ರೀ ಎಲ್ಲರನ್ನೂ ಮ್ಯಾನೇಜರ್ ಮಾಡ್ತೀರಿ?' ಅಂತ ಕೇಳಿದೆ. ಮಾಲೀಕರು ಕಂಪ್ಯೂಟರಿನಿಂದ ತಲೆ ಎತ್ತದೆ ಹೇಳಿದರು: 'ತೆಗೆದು ಹಾಕಿದ್ರೆ ಹತ್ತು ರೂಪಾಯಿ ಕಮ್ಮಿ ಮಾಡ್ತೀರಾ ಅಂತಾರೆ ಸ್ವಾಮಿ.'